ಮಲ್ಪೆ ಬಂದರಿನ ಅಂಗಡಿಯಲ್ಲಿ ಸ್ಟಾಕ್ ಅಲರ್ಟ್: ಮಿತಿ ಎಷ್ಟಿಡಬೇಕು, ಯಾವಾಗ ಬದಲಿಸಬೇಕು

ಜುಲೈ ಕೊನೆಯ ವಾರದ ಒಂದು ಬೆಳಿಗ್ಗೆ ಟ್ರಾಲ್ ಬೋಟಿನ ತಾಂಡೇಲರೊಬ್ಬರು ನಮ್ಮ ಅಂಗಡಿಗೆ ಬಂದು ನಾಲ್ಕು ಡೀಸೆಲ್ ಫಿಲ್ಟರ್ ಕೇಳಿದರು. ಕಪಾಟಿನಲ್ಲಿ ಒಂದೂ ಇರಲಿಲ್ಲ. "ಎಂತ ಮಾರಾಯ್ರೆ, ಎರಡು ತಿಂಗಳು ರಜೆ ಇತ್ತಲ್ಲ, ತರಿಸಿಡ್ಲಿಕ್ಕೆ ಆಗ್ಲಿಲ್ವಾ?" ಎಂದು ಕೇಳಿ ಪಕ್ಕದ ಅಂಗಡಿಗೆ ಹೋದರು. ಫಿಲ್ಟರ್ ಕಡಿಮೆಯಾಗಿದೆ ಎಂದು ಕಂಪ್ಯೂಟರ್ ಹೇಳಿರಲಿಲ್ಲವೇ ಎಂದು ನೋಡಿದರೆ, ಹದಿನೈದು ದಿನಗಳಿಂದ ಪ್ರತಿ ಬೆಳಿಗ್ಗೆ ಹೇಳಿತ್ತು. ಆದರೆ ಅದು 63 ಸಾಲುಗಳ ಪಟ್ಟಿಯಲ್ಲಿ 48ನೆಯ ಸಾಲಾಗಿತ್ತು. ಆ ಪಟ್ಟಿಯನ್ನು ಕೊನೆಯವರೆಗೆ ಓದುವುದನ್ನು ನಾವೆಲ್ಲ ಯಾವಾಗಲೋ ಬಿಟ್ಟಿದ್ದೆವು.

ನಾನು ಮಲ್ಪೆಯಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಯೊಂದರ ಸ್ಟಾಕ್ ಲೆಕ್ಕ ನೋಡಿಕೊಳ್ಳುವವನು. ಎಂಜಿನ್ ಆಯಿಲ್, ಫಿಲ್ಟರ್, ಹಗ್ಗ, ಬಲೆಯ ನೂಲು, ಗೇರ್‌ಬಾಕ್ಸಿನ ಸೀಲ್, ಎಲ್ಲ ಸೇರಿ ಸುಮಾರು 400 ಐಟಂ. ಆ ಫಿಲ್ಟರ್ ಪ್ರಸಂಗದ ಬಳಿಕ ಅಲರ್ಟಿನ ಮಿತಿಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಕೂರಿಸಿದೆ. ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ನಿಮ್ಮದು ಹಾರ್ಡ್‌ವೇರ್ ಅಂಗಡಿಯಾದರೂ ಮೆಡಿಕಲ್ ಆದರೂ ಲೆಕ್ಕದ ದಾರಿ ಇದೇ, ಅಂಕಿಗಳು ಮಾತ್ರ ಬೇರೆ.

ಮೊದಲು ಹದಿನಾಲ್ಕು ದಿನ ಬರೆದಿಡಿ

ಮಿತಿಯನ್ನು ಮುಟ್ಟುವ ಮೊದಲು, ಈಗ ಬರುತ್ತಿರುವ ಅಲರ್ಟ್‌ಗಳು ಯಾಕೆ ಬರುತ್ತಿವೆ ಎಂದು ತಿಳಿಯಬೇಕು. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿದಿನದ ಪಟ್ಟಿಯ ಪ್ರತಿ ಐಟಂ ಎದುರು ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಇದನ್ನು ನೋಡಿ ಇವತ್ತು ನಾನು ಏನು ಮಾಡಿದೆ? ಫೋನ್ ಮಾಡಿದೆ, ಆರ್ಡರ್ ಕೊಟ್ಟೆ, ಗೋದಾಮಿಗೆ ಹೋಗಿ ಎಣಿಸಿದೆ, ಏನೂ ಮಾಡಲಿಲ್ಲ. ಏನೂ ಮಾಡದಿದ್ದರೆ ಕಾರಣ ಬರೆಯಿರಿ.

ನಮ್ಮ 63 ಐಟಂಗಳ ಲೆಕ್ಕ ಹೀಗಿತ್ತು. 31 ಐಟಂಗಳು ವರ್ಷಕ್ಕೆ ಒಂದೋ ಎರಡೋ ಹೋಗುವಂಥವು. 19 ಐಟಂಗಳಿಗೆ ಆಗಲೇ ಆರ್ಡರ್ ಕೊಟ್ಟಾಗಿತ್ತು, ಲಾರಿ ಬರುವುದು ಬಾಕಿ. 9 ಐಟಂಗಳಲ್ಲಿ ಕಂಪ್ಯೂಟರಿನ ಸ್ಟಾಕೇ ತಪ್ಪು. ಉಳಿದ 4 ಮಾತ್ರ ನಿಜವಾಗಿ ಆ ದಿನ ಆರ್ಡರ್ ಕೊಡಬೇಕಾದವು. ಸಾಫ್ಟ್‌ವೇರ್ ಹಾಕಿಕೊಟ್ಟವರು ಎಲ್ಲ ಐಟಂಗೂ "ಕನಿಷ್ಠ 10" ಎಂದು ಒಂದೇ ಅಂಕಿ ತುಂಬಿಸಿ ಹೋಗಿದ್ದರು. ಪ್ರೊಪೆಲ್ಲರಿನ ನಟ್ ನಾವು ಇಡುವುದೇ ಎರಡು, ಹಾಗಾಗಿ ಅದು ಹುಟ್ಟಿದಂದಿನಿಂದ ಪಟ್ಟಿಯಲ್ಲಿತ್ತು. ಇನ್ನೊಂದು ಕಡೆ ದಿನಕ್ಕೆ ನಾಲ್ಕು ಹೋಗುವ ಎಂಜಿನ್ ಆಯಿಲ್ ಬಕೆಟಿಗೂ ಅದೇ 10. ಎಚ್ಚರಿಕೆ ಬಂದಾಗ ಎರಡೂವರೆ ದಿನದ ಮಾಲು ಮಾತ್ರ ಉಳಿದಿರುತ್ತಿತ್ತು, ಹೊಸ ಮಾಲು ಬರಲು ಒಂದು ವಾರ ಬೇಕು. ಒಂದೇ ಅಂಕಿ ಒಂದು ಕಡೆ ವೃಥಾ ಗದ್ದಲ, ಇನ್ನೊಂದು ಕಡೆ ತಡವಾದ ಕೂಗು.

ಆ 31 ಐಟಂಗಳ ಅಲರ್ಟನ್ನು ಪೂರ್ತಿ ತೆಗೆದುಬಿಟ್ಟೆ. ಧಣಿಯವರಿಗೆ ಆತಂಕವಿತ್ತು. ಆದರೆ ವರ್ಷಕ್ಕೊಮ್ಮೆ ಹೋಗುವ ಸೀಲಿಗೆ ದಿನಾ ಕಾವಲು ಬೇಕಿಲ್ಲ. ಮಾರಿದ ದಿನವೇ ಬದಲಿಗೆ ಒಂದು ತರಿಸುವ ಪದ್ಧತಿ ಸಾಕು. ಬಿಲ್ ಮಾಡುವಾಗಲೇ ಆ ಐಟಂ ನಾಳೆಯ ಆರ್ಡರ್ ಚೀಟಿಗೆ ಹೋಗುತ್ತದೆ.

ಮಾಲು ಬರಲು ನಿಜವಾಗಿ ಎಷ್ಟು ದಿನ ಬೇಕು

ಮಿತಿಯ ಅರ್ಥ ಇಷ್ಟೇ: ಇವತ್ತು ಆರ್ಡರ್ ಕೊಟ್ಟರೆ ಮಾಲು ಕಪಾಟಿಗೆ ಬರುವವರೆಗೆ ಇರುವ ಸ್ಟಾಕ್ ಸಾಲಬೇಕು. ಹಾಗಾಗಿ ಮೊದಲು ದಿನಗಳನ್ನು ಅಳೆಯಬೇಕು. ಡೀಲರ್ "ಮೂರು ದಿನದಲ್ಲಿ ಕಳಿಸ್ತೇವೆ" ಎನ್ನುವುದನ್ನು ಬರೆದುಕೊಳ್ಳಬೇಡಿ. ಅದು ಅವರ ಗೋದಾಮಿನಿಂದ ಹೊರಡುವ ದಿನ. ನೀವು ಫೋನ್ ಮಾಡಿದ ದಿನದಿಂದ, ಮಾಲು ಇಳಿಸಿ, ಎಣಿಸಿ, ಕಂಪ್ಯೂಟರಿಗೆ ಏರಿಸಿ, ಮಾರಲು ಸಿದ್ಧವಾದ ದಿನದವರೆಗೆ ಲೆಕ್ಕ ಹಾಕಿ. ಭಾನುವಾರವನ್ನೂ ರಜೆಯನ್ನೂ ಸೇರಿಸಿಯೇ ಎಣಿಸಿ.

20 ಲೀಟರ್ ಎಂಜಿನ್ ಆಯಿಲ್ ಬಕೆಟಿನ ಹಿಂದಿನ ಹತ್ತು ಆರ್ಡರ್‌ಗಳನ್ನು ಹಳೆ ಬಿಲ್ಲಿನಿಂದ ತೆಗೆದೆ: 5, 6, 5, 7, 6, 5, 9, 6, 7, 6 ದಿನ. ಸರಾಸರಿ ಆರು ದಿನ ಚಿಲ್ಲರೆ. ಸರಾಸರಿಯನ್ನು ನಂಬಿದರೆ ಲಾರಿ ಅದಕ್ಕಿಂತ ತಡವಾದಾಗಲೆಲ್ಲ ಅಪಾಯ. ಎಲ್ಲಕ್ಕಿಂತ ಕೆಟ್ಟದ್ದನ್ನು ಹಿಡಿದರೆ ಹಣ ಗೋದಾಮಿನಲ್ಲಿ ಕೂರುತ್ತದೆ. ಆ 9 ದಿನ ಆದದ್ದು ಮಳೆಗಾಲದಲ್ಲಿ, ಶಿರಾಡಿಯಲ್ಲಿ ಗುಡ್ಡ ಜರಿದು ಲಾರಿ ನಿಂತಿದ್ದಾಗ. ಮಳೆಗಾಲಕ್ಕೆ ಬೇರೆಯೇ ಅಂಕಿ ಇಡುವುದು ಸರಿ ಎಂದು ತೀರ್ಮಾನಿಸಿ ಅದನ್ನು ಬದಿಗಿಟ್ಟೆ. ಉಳಿದವುಗಳಲ್ಲಿ ಹೆಚ್ಚಿನದು 7. ಮಾಮೂಲಿ ದಿನಗಳಿಗೆ 7, ಮಳೆಗಾಲಕ್ಕೆ 10 ಎಂದು ಬರೆದಿಟ್ಟೆ.

ಅಷ್ಟು ದಿನದಲ್ಲಿ ಎಷ್ಟು ಹೋಗಬಹುದು

ಸಾಮಾನ್ಯವಾಗಿ ಎಲ್ಲರೂ ದಿನದ ಸರಾಸರಿಯನ್ನು ದಿನಗಳಿಂದ ಗುಣಿಸುತ್ತಾರೆ. ನಾಲ್ಕು ಬಕೆಟ್, ಏಳು ದಿನ, 28. ಆದರೆ ಬಂದರಿನ ವ್ಯಾಪಾರ ಸರಾಸರಿಯಂತೆ ನಡೆಯುವುದಿಲ್ಲ. ಆಳಸಮುದ್ರದ ಬೋಟುಗಳು ಎಂಟು-ಹತ್ತು ದಿನಕ್ಕೆ ಹೋಗಿ ಗುಂಪುಗುಂಪಾಗಿ ವಾಪಸಾಗುತ್ತವೆ. ಎರಡು ದಿನ ಒಂದೂ ಬಕೆಟ್ ಹೋಗುವುದಿಲ್ಲ, ಮೂರನೇ ದಿನ ಮಧ್ಯಾಹ್ನದೊಳಗೆ ಹದಿನಾಲ್ಕು ಹೋಗುತ್ತವೆ. 28 ಎಂದು ಮಿತಿ ಇಟ್ಟರೆ ಸುಮಾರು ಅರ್ಧದಷ್ಟು ಸಲ ಲಾರಿ ಬರುವ ಮೊದಲೇ ಖಾಲಿ.

ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ. ನಿಮ್ಮದೇ ಹಳೆಯ ಮಾರಾಟವನ್ನು ಕೇಳಿದರೆ ಅದೇ ಹೇಳುತ್ತದೆ. ಸ್ಪ್ರೆಡ್‌ಶೀಟಿನಲ್ಲಿ A ಕಾಲಂಗೆ ದಿನಾಂಕ, B ಕಾಲಂಗೆ ಆ ದಿನ ಮಾರಿದ ಬಕೆಟ್ ಹಾಕಿ. ಮಾರಾಟ ಆಗದ ದಿನಕ್ಕೂ ಸಾಲು ಬೇಕು, ಅಲ್ಲಿ 0 ಬರೆಯಿರಿ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ 273 ಸಾಲು ಆಗುತ್ತದೆ. C8ರಲ್ಲಿ ಮೊದಲ ಏಳು ದಿನದ ಮೊತ್ತ ಬರೆದು ಕೆಳಗಿನವರೆಗೆ ಎಳೆಯಿರಿ:

```
=SUM(B2:B8)
```

ಈಗ C ಕಾಲಂನ ಪ್ರತಿ ಮನೆಯಲ್ಲೂ ಒಂದೊಂದು ಏಳು ದಿನದ ಮಾರಾಟ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತೈದು ಸಲ ಮೀರದ ಅಂಕಿ ಯಾವುದು ಎಂದು ಕೇಳಿ:

```
=PERCENTILE(C8:C274,0.95)
```

ನಮಗೆ ಬಂದದ್ದು 41. ನಾನು 42 ಎಂದು ಇಟ್ಟೆ. 28ರ ಮೇಲಿನ ಆ 14 ಬಕೆಟ್, ನಾಲ್ಕೈದು ಬೋಟು ಒಟ್ಟಿಗೆ ಬಂದ ದಿನಕ್ಕಾಗಿ ಇಟ್ಟ ಮಾಲು. 0.95 ಎನ್ನುವುದು ದೇವರ ಅಂಕಿಯಲ್ಲ. ಆಯಿಲ್ ಇಲ್ಲವೆಂದರೆ ಗಿರಾಕಿ ಫಿಲ್ಟರ್, ಹಗ್ಗ ಎಲ್ಲವನ್ನೂ ಬೇರೆ ಕಡೆಯೇ ಕೊಳ್ಳುತ್ತಾನೆ, ಆದ್ದರಿಂದ ಇಲ್ಲಿ ಅಷ್ಟು ಎತ್ತರ ಬೇಕು. ಕೈಗವಸು ಇಲ್ಲವೆಂದರೆ ಯಾರೂ ಬೇರೆ ಅಂಗಡಿಗೆ ಓಡುವುದಿಲ್ಲ, ಅದಕ್ಕೆ 0.8 ಹಾಕಿದ್ದೇನೆ.

ಇಲ್ಲೊಂದು ಬಲೆ ಇದೆ, ನಾನೇ ಬಿದ್ದಿದ್ದೆ. ಮಾಲು ಖಾಲಿಯಾಗಿದ್ದ ದಿನಗಳಲ್ಲೂ ಮಾರಾಟ 0 ಎಂದೇ ದಾಖಲಾಗಿರುತ್ತದೆ. ಅದು ಯಾರೂ ಕೇಳದ 0 ಅಲ್ಲ, ಕೇಳಿದವರಿಗೆ ಇಲ್ಲವೆಂದ 0. ಹಾಗೇ ಲೆಕ್ಕಕ್ಕೆ ತೆಗೆದುಕೊಂಡರೆ ಪದೇ ಪದೇ ಖಾಲಿಯಾಗುವ ಐಟಂಗೇ ಕಡಿಮೆ ಮಿತಿ ಬಂದು, ಅದು ಇನ್ನಷ್ಟು ಖಾಲಿಯಾಗುತ್ತದೆ. ಖಾಲಿ ಇದ್ದ ದಿನಗಳು ಬೀಳುವ ಮೊತ್ತಗಳನ್ನು C ಕಾಲಂನಿಂದ ಅಳಿಸಿಬಿಡಿ. ಈಗ ನಾವು ಗಲ್ಲಾದ ಬಳಿ ಒಂದು ಸಣ್ಣ ಪುಸ್ತಕ ಇಟ್ಟಿದ್ದೇವೆ. ಯಾರಾದರೂ ಕೇಳಿ ನಾವು ಇಲ್ಲವೆಂದರೆ ಐಟಂ ಮತ್ತು ಎಷ್ಟು ಕೇಳಿದರು ಎಂದು ಹುಡುಗರು ಬರೆಯುತ್ತಾರೆ. ಆ ದಿನದ B ಮನೆಗೆ ಆ ಅಂಕಿಯನ್ನೂ ಸೇರಿಸುತ್ತೇನೆ.

ಹಗ್ಗಕ್ಕೆ ಮಾತ್ರ ಈ ಲೆಕ್ಕ ಹೊಂದಲಿಲ್ಲ. ಒಂದು ಬೋಟಿಗೆ ಬಲೆ ಕಟ್ಟಿಸುವಾಗ ಹನ್ನೆರಡು ಸುರುಳಿ ಒಟ್ಟಿಗೆ ಹೋಗುತ್ತದೆ, ಆಮೇಲೆ ಮೂರು ವಾರ ಯಾರೂ ಕೇಳುವುದಿಲ್ಲ. ಆ ಗಿರಾಕಿಗೆ ಹನ್ನೊಂದು ಸುರುಳಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಯಾಕೆಂದರೆ ಒಂದೇ ಬಣ್ಣದ, ಒಂದೇ ದಪ್ಪದ ಹಗ್ಗ ಪೂರ್ತಿ ಬೇಕು. ಅದಕ್ಕೆ ಮಿತಿ "ಒಂದು ಬೋಟಿನ ಸೆಟ್". ಹನ್ನೆರಡಕ್ಕಿಂತ ಕೆಳಗಿಳಿದರೆ ಅಲರ್ಟ್.

ಕಪಾಟಿನ ಮಾಲನ್ನಷ್ಟೇ ನೋಡಬೇಡಿ

ಗದ್ದಲ ಕಡಿಮೆ ಮಾಡುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ಹೆಜ್ಜೆ. 42ಕ್ಕೆ ಇಳಿಯಿತು, ಅಲರ್ಟ್ ಬಂತು, 60 ಬಕೆಟ್ ಆರ್ಡರ್ ಕೊಟ್ಟೆ. ಮರುದಿನ ಸ್ಟಾಕ್ 38. ಮತ್ತೆ ಅಲರ್ಟ್. ಅದರ ಮರುದಿನ 35, ಮತ್ತೆ ಅಲರ್ಟ್. ಲಾರಿ ಬರುವವರೆಗೆ ಏಳು ದಿನ ಏಳು ಸಲ ಹೇಳಿದ್ದನ್ನೇ ಹೇಳುತ್ತದೆ. ನಮ್ಮ ಪಟ್ಟಿಯ ಆ 19 ಐಟಂಗಳು ಇಂಥವೇ. ಇನ್ನೂ ಕೆಟ್ಟದ್ದೆಂದರೆ, ನಾನಿಲ್ಲದ ದಿನ ಇನ್ನೊಬ್ಬರು ಅದನ್ನು ನೋಡಿ ಎರಡನೇ ಸಲ ಆರ್ಡರ್ ಕೊಟ್ಟದ್ದೂ ಇದೆ.

ಮಿತಿಯ ಜೊತೆ ಹೋಲಿಸಬೇಕಾದ್ದು ಕಪಾಟಿನಲ್ಲಿರುವುದು, ಅದಕ್ಕೆ ಆರ್ಡರ್ ಕೊಟ್ಟು ಬರಬೇಕಾದ್ದನ್ನು ಕೂಡಿಸಿ, ಅದರಿಂದ ಗಿರಾಕಿಗೆ ಮಾತು ಕೊಟ್ಟು ತೆಗೆದಿಟ್ಟದ್ದನ್ನು ಕಳೆದ ಮೊತ್ತ. ಬೇರೊಂದು ಶೀಟಿನಲ್ಲಿ ಕಪಾಟಿನದ್ದು C2, ಬರಬೇಕಾದ್ದು D2, ತೆಗೆದಿಟ್ಟದ್ದು E2, ಮಿತಿ F2 ಆದರೆ:

```
=IF(C2+D2-E2<=F2,"ಆರ್ಡರ್ ಕೊಡಿ","")
```

ಆರ್ಡರ್ ಬರೆದ ಕ್ಷಣಕ್ಕೆ 42 ಹೋಗಿ 102 ಆಗುತ್ತದೆ, ಅಲರ್ಟ್ ತಾನಾಗಿ ಅಡಗುತ್ತದೆ. ಟ್ಯಾಲಿ ಬಳಸುವವರಿಗೆ `Reorder Status` ವರದಿಯಲ್ಲಿ ಬಾಕಿ ಇರುವ ಪರ್ಚೇಸ್ ಆರ್ಡರ್ ಸೇರಿಯೇ ಲೆಕ್ಕ ಸಿಗುತ್ತದೆ. ಆದರೆ ಆರ್ಡರನ್ನು ವೋಚರಾಗಿ ನಮೂದಿಸಿದ್ದರೆ ಮಾತ್ರ. ಫೋನಿನಲ್ಲಿ ಹೇಳಿ ಚೀಟಿಯಲ್ಲಿ ಬರೆದಿಟ್ಟರೆ ಯಾವ ಸಾಫ್ಟ್‌ವೇರಿಗೂ ಅದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಈ ಅಭ್ಯಾಸ ಕೂರಲು ಒಂದು ತಿಂಗಳು ಹಿಡಿಯಿತು.

ಈ ಮೌನಕ್ಕೂ ಒಂದು ಅಪಾಯವಿದೆ. ಲಾರಿ ಬಾರದೇ ಹೋದರೂ ಲೆಕ್ಕದಲ್ಲಿ 60 ಬಕೆಟ್ ಬರಲಿದೆ ಎಂದೇ ಇರುತ್ತದೆ, ಕಪಾಟು ಖಾಲಿಯಾದರೂ ಅಲರ್ಟ್ ಬಾಯಿ ಬಿಡುವುದಿಲ್ಲ. ಹಾಗಾಗಿ ಎರಡನೆಯ ಎಚ್ಚರಿಕೆ ಬೇಕು. ಅದು ಬೇರೆ ಪ್ರಶ್ನೆ ಕೇಳುತ್ತದೆ: ಕೈಯಲ್ಲಿರುವುದು ಎಷ್ಟು ದಿನಕ್ಕೆ ಸಾಕು, ಲಾರಿ ಬರಲು ಎಷ್ಟು ದಿನ ಬಾಕಿ? 12ನೇ ತಾರೀಕು ಆರ್ಡರ್ ಕೊಟ್ಟೆ, 19ಕ್ಕೆ ಬರಬೇಕು. 15ನೇ ತಾರೀಕು ಏಳೆಂಟು ಬೋಟು ಒಟ್ಟಿಗೆ ಬಂದು 12 ಬಕೆಟ್ ಉಳಿಯಿತು ಎನ್ನಿ. ದಿನಕ್ಕೆ ನಾಲ್ಕರಂತೆ ಮೂರು ದಿನಕ್ಕೆ ಸಾಕು, ಲಾರಿಗೆ ನಾಲ್ಕು ದಿನ ಬಾಕಿ. ಆಗ ಎಚ್ಚರಿಕೆ ಬರಬೇಕು. ಬರಬೇಕಾದ ತಾರೀಕು ದಾಟಿದ ಆರ್ಡರಿಗೂ ಇದೇ ಎಚ್ಚರಿಕೆ.

ಎರಡಕ್ಕೂ ಮಾಡುವ ಕೆಲಸ ಬೇರೆ, ಆದ್ದರಿಂದ ಬರುವ ದಾರಿಯೂ ಬೇರೆ ಇರಲಿ. ಮೊದಲನೆಯದಕ್ಕೆ ಆರ್ಡರ್ ಕೊಡಬೇಕು, ಅವಸರವಿಲ್ಲ. ಅದು ಬೆಳಿಗ್ಗೆ ಒಂಬತ್ತಕ್ಕೆ ಒಂದೇ ಪಟ್ಟಿಯಾಗಿ ಬರುತ್ತದೆ, ಯಾಕೆಂದರೆ ನಮ್ಮ ಡೀಲರ್ ಹನ್ನೊಂದರೊಳಗೆ ಹೇಳಿದ್ದನ್ನು ಮಾತ್ರ ಆ ದಿನದ ಲಾರಿಗೆ ಹಾಕುತ್ತಾರೆ. ರಾತ್ರಿ ಎಂಟಕ್ಕೆ ಬಂದ ಅಲರ್ಟಿನಿಂದ ಪ್ರಯೋಜನವಿಲ್ಲ. ಎರಡನೆಯದಕ್ಕೆ ಹೊಸ ಆರ್ಡರ್ ಬೇಡ. ಲಾರಿ ಎಲ್ಲಿದೆ ಎಂದು ಫೋನ್ ಮಾಡಬೇಕು, ಇಲ್ಲವೇ ಮಂಗಳೂರಿನ ಬಂದರು ಪೇಟೆಯಿಂದ ಹತ್ತು ಬಕೆಟ್ ಹೆಚ್ಚು ಬೆಲೆಗಾದರೂ ತರಿಸಬೇಕು. ಅದು ನನ್ನ ಮೊಬೈಲಿಗೆ ಮಾತ್ರ, ಕೊರತೆ ಕಂಡ ಕೂಡಲೇ ಬರುತ್ತದೆ. ಎಲ್ಲರಿಗೂ ಹೋಗುವ ಮೆಸೇಜನ್ನು ಯಾರಾದರೂ ನೋಡಿರಬಹುದು ಎಂದು ಎಲ್ಲರೂ ಬಿಡುತ್ತಾರೆ.

ಜೂನ್ 1 ಮತ್ತು ಆಗಸ್ಟ್ 1

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಆಗ ಆಯಿಲ್ ದಿನಕ್ಕೆ ನಾಲ್ಕಲ್ಲ, ವಾರಕ್ಕೆ ಮೂರು ಹೋದರೆ ಹೆಚ್ಚು. 42ರ ಮಿತಿಯನ್ನೇ ಬಿಟ್ಟರೆ ಜೂನ್ ಎರಡನೇ ವಾರದಲ್ಲಿ ಅಲರ್ಟ್ ಬಂದು, ಅದನ್ನು ನಂಬಿ ತರಿಸಿದ 60 ಬಕೆಟ್ ಮಳೆಗಾಲವಿಡೀ ಹಣ ಹಿಡಿದು ಕೂರುತ್ತದೆ.

ಹಾಗೆಂದು ಮಿತಿಯನ್ನು 5ಕ್ಕೆ ಇಳಿಸಿ ಮರೆತರೆ ಜುಲೈ ಕೊನೆಯಲ್ಲಿ ನಮ್ಮ ಫಿಲ್ಟರಿನ ಕಥೆಯೇ. ರಜೆಯಲ್ಲಿ ಎಂಜಿನ್ ಬಿಚ್ಚಿ ದುರಸ್ತಿ ಮಾಡಿದ ಬೋಟುಗಳೆಲ್ಲ ಜುಲೈ 20ರ ನಂತರ ಆಯಿಲ್ ಮತ್ತು ಫಿಲ್ಟರ್ ಬದಲಿಸುತ್ತವೆ. ದಿನಕ್ಕೆ ಹನ್ನೆರಡು ಬಕೆಟ್ ಹೋಗುವ ದಿನಗಳು ಅವು. ಅಲ್ಲದೆ ಮಳೆಗೆ ಘಾಟಿ ಯಾವಾಗ ಬೇಕಾದರೂ ಮುಚ್ಚಬಹುದಾದ ಕಾಲವೂ ಅದೇ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಬರುವುದು ಗೊತ್ತಿರುವ ಜೋರಿಗೆ ಅಲರ್ಟನ್ನು ಕಾಯಬಾರದು. ಅಲರ್ಟ್ ಇರುವುದು ಯಾವಾಗ ಬರುತ್ತದೆಂದು ಗೊತ್ತಿಲ್ಲದ ಬೇಡಿಕೆಗೆ. ಆಗಸ್ಟ್ 1 ಕ್ಯಾಲೆಂಡರಿನಲ್ಲಿದೆ. ಆದ್ದರಿಂದ ಜುಲೈ 8ಕ್ಕೆ ಒಂದು ಆರ್ಡರ್ ಮೊದಲೇ ಬರೆದಿಟ್ಟಿದ್ದೇನೆ. ಲೆಕ್ಕ ಹಿಂದಕ್ಕೆ ಎಣಿಸಿದ್ದು: ಜೋರು ಶುರುವಾಗುವುದು 20ಕ್ಕೆ, ಮಳೆಗಾಲದ ಸಾಗಾಟಕ್ಕೆ 10 ದಿನ, ಅದರ ಮೇಲೆ ಕೈಯಲ್ಲಿ ಹೆಚ್ಚಿಗೆ ಎರಡು ದಿನ. ಹಿಂದಿನ ವರ್ಷ ಜುಲೈ 20ರಿಂದ 31ರವರೆಗೆ ಹೋದದ್ದು 118 ಬಕೆಟ್. ಅಷ್ಟನ್ನೂ ಒಮ್ಮೆಗೇ ತರಿಸುವುದಿಲ್ಲ. ಕಡಲು ಇಳಿಯದಿದ್ದರೆ ಬೋಟುಗಳು ಆಗಸ್ಟ್ ಮೊದಲ ವಾರವೂ ಹೊರಡುವುದಿಲ್ಲ, ಮಾರಾಟ ಮುಂದಕ್ಕೆ ಹೋಗುತ್ತದೆ. ಅದಕ್ಕೆ 8ಕ್ಕೆ 80, ಬೋಟುಗಳ ತಯಾರಿ ನೋಡಿ 16ಕ್ಕೆ ಉಳಿದದ್ದು.

ಮಿತಿಯ ಬದಲಾವಣೆಗಳನ್ನೂ ಇದೇ ರೀತಿ ಮೊಬೈಲಿನ ಕ್ಯಾಲೆಂಡರಿಗೆ ಹಾಕಿದ್ದೇನೆ. ಮೇ 20ಕ್ಕೆ 42ರಿಂದ 5ಕ್ಕೆ ಇಳಿಕೆ. ಕಾರಣ, ಅದರ ನಂತರ ಕೊಟ್ಟ ಆರ್ಡರ್ ಬಂದು ಇಳಿಯುವಷ್ಟರಲ್ಲಿ ಬೋಟುಗಳು ದಡ ಸೇರುವ ಹೊತ್ತು. ಮೇ ಕೊನೆಯ ವಾರ ಒಂದೆರಡು ದಿನ ಖಾಲಿಯಾದರೂ ಪರವಾಗಿಲ್ಲ ಎಂದು ಧಣಿಯವರ ಜೊತೆ ಮಾತಾಡಿಯೇ ಮಾಡಿದ್ದು. ಜುಲೈ 10ಕ್ಕೆ ಮತ್ತೆ 42. ಆಗಸ್ಟಿಡೀ ಹೆಚ್ಚೇ ಹೋಗುವುದರಿಂದ ಆ ತಿಂಗಳಿಗೆ 60, ಸೆಪ್ಟೆಂಬರಿಗೆ ಪುನಃ 42.

ಎಲ್ಲ ಐಟಂಗೂ ಇದೇ ತಾರೀಕು ಹಾಕಿದರೆ ತಪ್ಪಾಗುತ್ತದೆ. ನಿಷೇಧದ ಕಾಲದಲ್ಲಿ ನಾಡದೋಣಿಗಳು ಕಡಲಿಗಿಳಿಯುತ್ತವೆ. ಅವುಗಳ ಔಟ್‌ಬೋರ್ಡ್ ಎಂಜಿನಿಗೆ ಬೇಕಾದ ಟೂ-ಸ್ಟ್ರೋಕ್ ಆಯಿಲ್, ಸ್ಪಾರ್ಕ್ ಪ್ಲಗ್ ಇವುಗಳ ಸುಗ್ಗಿಯೇ ಜೂನ್-ಜುಲೈ. ಅವುಗಳ ಮಿತಿ ಮೇ ತಿಂಗಳಲ್ಲಿ ಮೇಲಕ್ಕೆ, ಆಗಸ್ಟಿನಲ್ಲಿ ಕೆಳಕ್ಕೆ.

ತೆರೆದ ಬಕೆಟ್

ಸ್ಟಾಕ್ ತಪ್ಪಿದ್ದ 9 ಐಟಂಗಳಲ್ಲಿ ಈ ಆಯಿಲೂ ಒಂದು. ಕಂಪ್ಯೂಟರಿನಲ್ಲಿ 46, ಕೈಯಲ್ಲಿ ಎಣಿಸಿದರೆ 39. ಕಳ್ಳತನವೇನೋ ಎಂದು ಒಂದು ಕ್ಷಣ ಎಲ್ಲರ ಮುಖ ಬಾಡಿತು. ಅಂಗಡಿಯ ಹಿಂಬದಿಗೆ ಹೋದರೆ ಮುಚ್ಚಳ ಕೊಯ್ದು, ಕೈಪಂಪ್ ಇಳಿಬಿಟ್ಟ ಒಂದು ಬಕೆಟ್, ಅದರ ಪಕ್ಕ ಖಾಲಿಯಾದ ಆರು. ಲೀಟರ್ ಲೆಕ್ಕದಲ್ಲಿ ಲೂಸ್ ಮಾರಿದ್ದನ್ನು "ಲೂಸ್ ಆಯಿಲ್" ಎಂಬ ಬೇರೆ ಐಟಂನಲ್ಲಿ ಬಿಲ್ ಮಾಡುತ್ತಿದ್ದರು. ಬಕೆಟ್ ಒಡೆದದ್ದು ಮಾತ್ರ ಎಲ್ಲೂ ನಮೂದಾಗಿರಲಿಲ್ಲ. ಲೂಸ್ ಆಯಿಲ್ ಮೈನಸ್ 130 ಲೀಟರ್ ತೋರಿಸುತ್ತಿತ್ತು, ಅದಕ್ಕೆ ಪ್ರತಿದಿನ ಅಲರ್ಟ್. ಬಕೆಟಿಗೆ ಬರಬೇಕಾದ ಅಲರ್ಟ್ ಮಾತ್ರ ಎರಡು ದಿನ ತಡ.

ಈಗ ಬಕೆಟಿನ ಮುಚ್ಚಳ ಕೊಯ್ಯುವವರು ಅದರ ಲೇಬಲ್ ಕಿತ್ತು ಗಲ್ಲಾಕ್ಕೆ ತಂದುಕೊಡಬೇಕು. ಅದನ್ನು ನೋಡಿ ಒಂದು ಬಕೆಟ್ ಕಳೆದು 20 ಲೀಟರ್ ಲೂಸಿಗೆ ಕೂಡಿಸುತ್ತೇವೆ. ನಿಮ್ಮಲ್ಲಿ ಯಾವ ಐಟಂ ಮೈನಸ್ ತೋರಿಸುತ್ತಿದೆಯೋ ಅದರ ಮಿತಿ ಬದಲಿಸಲು ಹೋಗಬೇಡಿ. ಅಲ್ಲಿ ಅಲರ್ಟ್ ಸರಿಯಾಗಿಯೇ ಇದೆ, ನಮೂದು ತಪ್ಪಿದೆ. ಬಾಕ್ಸು-ಪೀಸು, ಬ್ಯಾರೆಲ್-ಲೀಟರ್, ಸುರುಳಿ-ಮೀಟರ್, ಎರಡು ಅಳತೆಯಲ್ಲಿ ಮಾರುವ ಐಟಂಗಳನ್ನು ಮೊದಲು ನೋಡಿ.

ತಿಂಗಳಿಗೊಮ್ಮೆ ಎರಡು ಎಣಿಕೆ

ತಿಂಗಳ ಕೊನೆಗೆ ನಾನು ಎರಡು ಅಂಕಿ ತೆಗೆಯುತ್ತೇನೆ. ಬಂದ ಅಲರ್ಟ್‌ಗಳಲ್ಲಿ ಎಷ್ಟಕ್ಕೆ ನಿಜವಾಗಿ ಆರ್ಡರ್ ಕೊಟ್ಟೆವು, ಮತ್ತು ಅಲರ್ಟ್ ಬಾರದೆಯೋ ತಡವಾಗಿ ಬಂದೋ ಖಾಲಿಯಾದ ಐಟಂ ಎಷ್ಟು. ಎರಡನೆಯದಕ್ಕೆ ಗಲ್ಲಾದ ಬಳಿಯ "ಇಲ್ಲ" ಪುಸ್ತಕವೇ ಸಾಕ್ಷಿ. ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಮಿತಿಗಳನ್ನೆಲ್ಲ ಇಳಿಸಿದರೆ ಗದ್ದಲ ನಿಂತು ಮೊದಲ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಪುಸ್ತಕ ತುಂಬುತ್ತದೆ.

ಅಲರ್ಟ್ ಬಂದಾಗಲೆಲ್ಲ "ಇನ್ನೂ ಇರಲಿ ಬಿಡಿ" ಎಂದು ಮೂರು ಸಲ ಮುಂದೂಡಿ, ಆದರೂ ಖಾಲಿಯಾಗದ ಐಟಂನ ಮಿತಿ ಇಳಿಸುತ್ತೇನೆ. ಪುಸ್ತಕದಲ್ಲಿ ಎರಡು ಸಲ ಕಂಡ ಐಟಂಗೆ ಮಾತ್ರ ಕೂಡಲೇ ಮಿತಿ ಏರಿಸುವುದಿಲ್ಲ. ಮೊದಲು ಸಾಗಾಟದ ದಿನ ಬದಲಾಗಿದೆಯೇ, ಆಮೇಲೆ ಮಾರಾಟ ಹೆಚ್ಚಿದೆಯೇ, ಆಮೇಲೆ ಎಣಿಕೆ ಸರಿಯಿದೆಯೇ ಎಂದು ಈ ಕ್ರಮದಲ್ಲಿ ನೋಡುತ್ತೇನೆ. ಕಳೆದ ತಿಂಗಳು ಗ್ರೀಸ್ ಡಬ್ಬಿ ಎರಡು ಸಲ ಪುಸ್ತಕಕ್ಕೆ ಬಿತ್ತು. ಮಾರಾಟ ಹಿಂದಿನಷ್ಟೇ ಇತ್ತು. ಡೀಲರ್ ಗೋದಾಮು ಬದಲಿಸಿ 5 ದಿನದ ಸಾಗಾಟ 8 ದಿನವಾಗಿತ್ತು, ನಮಗೆ ಹೇಳಿರಲಿಲ್ಲ. C ಕಾಲಂನಲ್ಲಿ ಎಂಟು ದಿನದ ಮೊತ್ತ ಹಾಕಿದಾಗ ಮಿತಿ 18ರಿಂದ 27ಕ್ಕೆ ಹೋಯಿತು. ಈಗ ಬೆಳಗಿನ ಪಟ್ಟಿಯಲ್ಲಿ ದಿನಕ್ಕೆ ನಾಲ್ಕರಿಂದ ಏಳು ಸಾಲು ಇರುತ್ತದೆ, ಹನ್ನೊಂದು ಗಂಟೆಯೊಳಗೆ ಅಷ್ಟಕ್ಕೂ ಫೋನ್ ಮುಗಿದಿರುತ್ತದೆ.